ಬಳಸದ ಭಾಷೆ ಎಷ್ಟು ಉಳಿಯುತ್ತದೆ?

ಆರೋಗ್ಯವಂತ ವ್ಯಕ್ತಿಯೊಬ್ಬ ತಾನು ಕಲಿತ ಭಾಷೆಯೊಂದನ್ನು ಬಹುಕಾಲ ಬಳಸದೆ ಇದ್ದಾಗ ಅದರ ಮೇಲೆ ಅವನಿಗಿದ್ದ ಹಿಡಿತ ಸಡಿಲವಾಗುತ್ತ ಹೋಗುವುದನ್ನು ಭಾಷಾವಿಜ್ಞಾನದಲ್ಲಿ ಭಾಷಾ ಸವಕಳಿ ಎಂದು ಕರೆಯಲಾಗುತ್ತದೆ. ಪಾರ್ಶ್ವವಾಯುವಿನಂಥ ಕಾಯಿಲೆಯಿಂದ ಮಾತು ಬಿದ್ದುಹೋಗುವುದಾಗಲಿ, ಇಡೀ ಸಮುದಾಯವೊಂದು ತನ್ನ ನುಡಿಯನ್ನು ಕೈಬಿಟ್ಟು ಇನ್ನೊಂದು ನುಡಿಗೆ ಹೊರಳುವುದಾಗಲಿ ಈ ಹೆಸರಿನ ವ್ಯಾಪ್ತಿಗೆ ಬರುವುದಿಲ್ಲ. ಒಬ್ಬನೇ ವ್ಯಕ್ತಿಯ ಒಳಗೆ, ಯಾವ ರೋಗವೂ ಇಲ್ಲದೆ, ಬಳಕೆಯ ಕೊರತೆಯೊಂದರಿಂದಲೇ ಆಗುವ ಬದಲಾವಣೆ ಮಾತ್ರ ಇದರ ವಿಷಯ. ಈ ಬಗ್ಗೆ ಜನರಲ್ಲಿ ಎರಡು ನಂಬಿಕೆಗಳಿವೆ. ಬಳಸದಿದ್ದರೆ ಭಾಷೆ ವರ್ಷವರ್ಷವೂ ಒಂದೇ ಪ್ರಮಾಣದಲ್ಲಿ ಕರಗುತ್ತ ಕೊನೆಗೆ ಏನೂ ಉಳಿಯುವುದಿಲ್ಲ ಎಂಬುದು ಒಂದಾದರೆ, ಒಮ್ಮೆ ಚೆನ್ನಾಗಿ ಕಲಿತ ಭಾಷೆ ಎಂದೆಂದಿಗೂ ಮರೆಯದು ಎಂಬುದು ಇನ್ನೊಂದು. ಎರಡೂ ಅಷ್ಟಕ್ಕಷ್ಟೇ ಎಂಬುದನ್ನು ಕಳೆದ ನಾಲ್ಕು ದಶಕಗಳ ಸಂಶೋಧನೆ ತೋರಿಸಿದ್ದು, ನಿಜವಾಗಿ ನಡೆಯುವುದೇನೆಂದು ತಿಳಿದವರಿಗೆ ಭಾಷೆಯನ್ನು ಉಳಿಸಿಕೊಳ್ಳಲು ಬೇಕಾಗುವ ಶ್ರಮ ಸಾಮಾನ್ಯವಾಗಿ ಊಹಿಸುವುದಕ್ಕಿಂತ ಬಹಳ ಕಡಿಮೆ.

ಮರೆವನ್ನು ಅಳೆಯಬಹುದೆಂದು ಮೊದಲು ತೋರಿಸಿದವರು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾವೇ ಬಾಯಿಪಾಠ ಮಾಡಿ, ನಿಗದಿತ ಅವಧಿಗಳ ಬಳಿಕ ಅವನ್ನು ಮತ್ತೆ ಕಲಿಯಲು ಎಷ್ಟು ಸಮಯ ಹಿಡಿಯುತ್ತದೆಂದು ಲೆಕ್ಕ ಇಟ್ಟು, 1885ರಲ್ಲಿ ಅವರು ಪ್ರಕಟಿಸಿದ ಗ್ರಂಥ ಮರೆವು ಆರಂಭದಲ್ಲಿ ವೇಗವಾಗಿ, ಆಮೇಲೆ ನಿಧಾನವಾಗಿ ಸಾಗುತ್ತದೆ ಎಂಬ ಪ್ರಸಿದ್ಧ ವಕ್ರರೇಖೆಯನ್ನು ಕೊಟ್ಟಿತು. ಆದರೆ ಅವರ ಲೆಕ್ಕ ಗಂಟೆಗಳದ್ದು, ದಿನಗಳದ್ದು, ಹೆಚ್ಚೆಂದರೆ ವಾರಗಳದ್ದು. ತರಗತಿಯಲ್ಲಿ ಕಲಿತ ನಿಜವಾದ ಭಾಷೆಯೊಂದು ಇಪ್ಪತ್ತು, ಮೂವತ್ತು, ಐವತ್ತು ವರ್ಷಗಳಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಸುಮಾರು ಒಂದು ಶತಮಾನವೇ ಬೇಕಾಯಿತು.

ಆ ಉತ್ತರ ಬಂದದ್ದು ಅಮೆರಿಕದ ಓಹಾಯೊ ವೆಸ್ಲಿಯನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಹ್ಯಾರಿ ಬಾರಿಕ್ ಅವರಿಂದ. ಶಾಲೆ ಅಥವಾ ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿತಿದ್ದ 733 ಜನರನ್ನು ಅವರು ಪರೀಕ್ಷೆಗೆ ಒಳಪಡಿಸಿ, 1984ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ ಕೆಲವರು ಇನ್ನೂ ಕಲಿಯುತ್ತಿದ್ದವರು, ಕೆಲವರು ಒಂದೆರಡು ವರ್ಷದ ಹಿಂದೆ ಬಿಟ್ಟವರು, ಕೆಲವರು ಐವತ್ತು ವರ್ಷದ ಹಿಂದೆ ಕಲಿತು ಪುಸ್ತಕ ಮುಚ್ಚಿದವರು. ಎಷ್ಟು ತರಗತಿಗಳಿಗೆ ಹೋಗಿದ್ದರು, ಯಾವ ದರ್ಜೆಯ ಅಂಕ ಪಡೆದಿದ್ದರು, ಆಮೇಲೆ ಆ ಭಾಷೆಯನ್ನು ಓದುವ, ಬರೆಯುವ, ಆಡುವ ಅಥವಾ ಕೇಳುವ ಅವಕಾಶ ಎಷ್ಟು ಸಿಕ್ಕಿತ್ತು ಎಂಬುದನ್ನೆಲ್ಲ ಪ್ರಶ್ನಾವಳಿಯ ಮೂಲಕ ತಿಳಿದುಕೊಂಡು, ಓದಿನ ಗ್ರಹಿಕೆ, ಪದಸಂಪತ್ತು ಮತ್ತು ವ್ಯಾಕರಣಗಳಲ್ಲಿ ಅವರಿಗೆ ಉಳಿದಿದ್ದೆಷ್ಟು ಎಂದು ಅಳೆಯಲಾಯಿತು. ಬಹುಪಾಲು ಜನ ಮಧ್ಯದ ವರ್ಷಗಳಲ್ಲಿ ಸ್ಪ್ಯಾನಿಷನ್ನು ಎಷ್ಟು ಕಡಿಮೆ ಬಳಸಿದ್ದರೆಂದರೆ, ಬಳಕೆಯ ಪರಿಣಾಮವೆಂದು ಹೇಳಬಹುದಾದ ವ್ಯತ್ಯಾಸವೇ ಅಂಕಿಗಳಲ್ಲಿ ಕಾಣಲಿಲ್ಲ. ಹೀಗಾಗಿ ಈ ಅಧ್ಯಯನ ಬಹುಮಟ್ಟಿಗೆ ನಿರ್ಬಳಕೆಯ ಚಿತ್ರವೇ ಆಯಿತು.

ಆ ಚಿತ್ರದಲ್ಲಿ ಮೂರು ಘಟ್ಟಗಳಿದ್ದವು. ಕಲಿಕೆ ನಿಂತ ಮೊದಲ ಮೂರರಿಂದ ಆರು ವರ್ಷಗಳಲ್ಲಿ ಜ್ಞಾನ ಕಡಿದಾಗಿ ಇಳಿಯಿತು. ಅದಾದ ಮೇಲೆ ಇಳಿತ ನಿಂತು, ಉಳಿದದ್ದು ಮೂವತ್ತು ವರ್ಷಗಳವರೆಗೂ ಹೆಚ್ಚುಕಡಿಮೆ ಹಾಗೆಯೇ ಇದ್ದು, ವೃದ್ಧಾಪ್ಯ ಸಮೀಪಿಸಿದಾಗ ಮತ್ತೊಮ್ಮೆ ಸ್ವಲ್ಪ ಕುಸಿಯಿತು. ಹೀಗೆ ಬಳಕೆಯೇ ಇಲ್ಲದೆ ದಶಕಗಟ್ಟಲೆ ಉಳಿಯುವ ಭಾಗವನ್ನು ಬಾರಿಕ್ ಪರ್ಮಾಸ್ಟೋರ್, ಅಂದರೆ ಕಾಯಂ ಸಂಗ್ರಹ, ಎಂದು ಕರೆದರು. ಈ ಸಂಗ್ರಹದಲ್ಲಿ ಎಷ್ಟು ಸೇರುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುತ್ತಿದ್ದದ್ದು ಮೊದಲಿಗೆ ಎಷ್ಟು ಆಳವಾಗಿ ಕಲಿತಿದ್ದರು ಎಂಬ ಒಂದೇ ಸಂಗತಿ: ಹಲವು ವರ್ಷ ಕಲಿತು ಒಳ್ಳೆಯ ದರ್ಜೆ ಪಡೆದವರಲ್ಲಿ ಐವತ್ತು ವರ್ಷದ ಬಳಿಕವೂ ಗಣನೀಯ ಪಾಲು ಉಳಿದಿತ್ತು, ಒಂದೇ ತರಗತಿಗೆ ಕೈಬಿಟ್ಟವರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಒಬ್ಬನೇ ವ್ಯಕ್ತಿಯನ್ನು ಐವತ್ತು ವರ್ಷ ಹಿಂಬಾಲಿಸುವುದು ಸಾಧ್ಯವಿಲ್ಲದ್ದರಿಂದ ಬೇರೆಬೇರೆ ಕಾಲದಲ್ಲಿ ಕಲಿತ ಬೇರೆಬೇರೆ ಜನರನ್ನು ಹೋಲಿಸಲಾಗಿದೆ ಎಂಬುದು ಈ ಅಧ್ಯಯನದ ಮಿತಿ. ಹಾಗಿದ್ದರೂ ಇದಕ್ಕೆ ಸರಿಸಾಟಿಯಾದ ಇನ್ನೊಂದು ದಾಖಲೆಯನ್ನು ಹುಡುಕುವುದು ಕಷ್ಟ.

ಕರ್ನಾಟಕದ ಓದುಗರಿಗೆ ಈ ಫಲಿತಾಂಶದ ಅರ್ಥ ಸುಲಭವಾಗಿ ಹೊಳೆಯಬಹುದು. ಎಸ್‌ಎಸ್‌ಎಲ್‌ಸಿಯಲ್ಲಿ 125 ಅಂಕಗಳ ಪ್ರಥಮ ಭಾಷೆಯಾಗಿ ಸಂಸ್ಕೃತವನ್ನು ಆರಿಸಿಕೊಂಡು, ಉತ್ತರಗಳನ್ನು ಬಹುಪಾಲು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು, ನೂರಕ್ಕೆ ತೊಂಬತ್ತಕ್ಕೂ ಮೀರಿ ಅಂಕ ಗಳಿಸಿದವರು ಕೆಲವೇ ವರ್ಷಗಳಲ್ಲಿ ಒಂದು ವಾಕ್ಯವನ್ನೂ ಕಟ್ಟಲಾರದೆ ಹೋದರೆ ಅದನ್ನು ಸವಕಳಿ ಎನ್ನುವುದೇ ಸರಿಯಲ್ಲ, ಏಕೆಂದರೆ ಸವೆಯುವುದಕ್ಕೆ ಬೇಕಾದಷ್ಟು ಭಾಷೆ ಅಲ್ಲಿ ಸೇರಿಯೇ ಇರಲಿಲ್ಲ. ಬಾರಿಕ್ ಅವರ ಲೆಕ್ಕದಲ್ಲಿ ಅಂಕಕ್ಕೆ ಬೆಲೆ ಇದ್ದದ್ದು ಅದು ಕಲಿಕೆಯ ಆಳವನ್ನು ಸೂಚಿಸುತ್ತಿದ್ದ ಮಟ್ಟಿಗೆ ಮಾತ್ರ.

ಮರೆತದ್ದು ಎಲ್ಲಿಗೆ ಹೋಯಿತು ಎಂಬುದು ಮುಂದಿನ ಪ್ರಶ್ನೆ. ಯಾವ ಪದವನ್ನಾದರೂ ತಿಳಿದಿರುವುದು ಎಂಬುದರಲ್ಲಿ ಬೇರೆಬೇರೆ ಮಟ್ಟಗಳಿವೆ: ಅರ್ಥವನ್ನು ಕೊಟ್ಟರೆ ಪದವನ್ನು ತಾನೇ ನೆನಪಿನಿಂದ ತೆಗೆದು ಹೇಳುವುದು ಮೇಲಿನ ಮಟ್ಟ, ಪದವನ್ನು ಕಂಡಾಗ ಅರ್ಥವನ್ನು ಗುರುತಿಸುವುದು ಅದಕ್ಕಿಂತ ಕೆಳಗಿನದು, ಗುರುತಿಸಲೂ ಆಗದಿದ್ದರೂ ಮತ್ತೊಮ್ಮೆ ಕಲಿತಾಗ ಹೊಸ ಪದಕ್ಕಿಂತ ಬೇಗ ಹತ್ತುವುದು ಇನ್ನೂ ಕೆಳಗಿನದು. ನರಭಾಷಾವಿಜ್ಞಾನಿ ಮಿಷೆಲ್ ಪರಾಡಿ ಇದನ್ನು ಪ್ರಚೋದನೆಯ ಮಿತಿ ಎಂಬ ಪರಿಕಲ್ಪನೆಯಿಂದ ವಿವರಿಸಿದ್ದಾರೆ. ಪ್ರತಿ ಪದಕ್ಕೂ ಅದು ನಾಲಿಗೆಗೆ ಬರಲು ದಾಟಬೇಕಾದ ಒಂದು ಮಿತಿಯಿದ್ದು, ಬಳಸಿದಾಗಲೆಲ್ಲ ಆ ಮಿತಿ ತಗ್ಗುತ್ತದೆ, ಬಳಸದೆ ಬಿಟ್ಟಷ್ಟು ದಿನ ಅದು ಏರುತ್ತದೆ. ಗುರುತಿಸುವುದಕ್ಕೆ ಹೊರಗಿನಿಂದಲೇ ಪದದ ರೂಪ ಸಿಗುವುದರಿಂದ ಕಡಿಮೆ ಪ್ರಚೋದನೆ ಸಾಕು, ಹೇಳುವುದಕ್ಕೆ ಎಲ್ಲವನ್ನೂ ಒಳಗಿನಿಂದಲೇ ಎಬ್ಬಿಸಬೇಕಾದ್ದರಿಂದ ಹೆಚ್ಚು ಬೇಕು. ವರ್ಷಗಳ ಹಿಂದೆ ಬಿಟ್ಟ ಭಾಷೆಯ ಸಿನಿಮಾ ಅರ್ಥವಾಗುತ್ತದೆ, ಆದರೆ ಅದೇ ಭಾಷೆಯಲ್ಲಿ ದಾರಿ ಕೇಳಲು ಬಾಯಿ ಬರುವುದಿಲ್ಲ ಎಂಬ ಸಾಮಾನ್ಯ ಅನುಭವದ ಕಾರಣ ಇದೇ. ಶಾಲೆಯಲ್ಲಿ ಫ್ರೆಂಚ್ ಕಲಿತು ಬಿಟ್ಟ ಡಚ್ ವಿದ್ಯಾರ್ಥಿಗಳನ್ನು 1980ರ ದಶಕದಲ್ಲಿ ಪರೀಕ್ಷಿಸಿದ ಬರ್ಟ್ ವೆಲ್ಟೆನ್ಸ್, ನಾಲ್ಕು ವರ್ಷಗಳ ಬಳಿಕವೂ ಅವರ ಓದಿನ ಮತ್ತು ಆಲಿಕೆಯ ಗ್ರಹಿಕೆ ಕುಗ್ಗಿರಲಿಲ್ಲವೆಂದು ಕಂಡುಕೊಂಡದ್ದೂ ಈ ವಿವರಣೆಗೆ ಒಪ್ಪುತ್ತದೆ.

ಬಳಕೆ ನಿಂತದ್ದಷ್ಟೇ ಕಾರಣವಲ್ಲ, ಬೇರೆ ಭಾಷೆಯ ಬಳಕೆಯೂ ಮೊದಲಿನದನ್ನು ಅದುಮುತ್ತದೆ. ಸ್ಪೇನ್‌ನಲ್ಲಿ ಕೆಲಕಾಲ ನೆಲೆಸಿ ಸ್ಪ್ಯಾನಿಷ್ ಕಲಿಯುತ್ತಿದ್ದ ಅಮೆರಿಕನ್ ವಿದ್ಯಾರ್ಥಿಗಳನ್ನು ತವರಿನ ತರಗತಿಯಲ್ಲೇ ಕಲಿಯುತ್ತಿದ್ದವರೊಂದಿಗೆ ಹೋಲಿಸಿ ಲಿಂಕ್, ಕ್ರೋಲ್ ಮತ್ತು ಸುಂಡರ್‌ಮನ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಪೇನ್‌ನಲ್ಲಿದ್ದವರಿಗೆ ತಮ್ಮ ಮಾತೃಭಾಷೆಯಾದ ಇಂಗ್ಲಿಷಿನಲ್ಲಿಯೇ ಒಂದು ವರ್ಗಕ್ಕೆ ಸೇರಿದ ಹೆಸರುಗಳನ್ನು ಅವಧಿಯೊಳಗೆ ಪಟಪಟನೆ ಹೇಳುವುದು ಕಷ್ಟವಾಗಿತ್ತು. ಮಾತೃಭಾಷೆಯ ಪದಗಳನ್ನು ಅಷ್ಟು ಅಲ್ಪಾವಧಿಯಲ್ಲಿ ಯಾರೂ ಕಳೆದುಕೊಳ್ಳುವುದಿಲ್ಲ. ಅವು ತಾತ್ಕಾಲಿಕವಾಗಿ ಅದುಮಲ್ಪಟ್ಟಿದ್ದವು. ಮರೆವೆಂದು ಹೇಳಲಾಗುವ ಬಹಳಷ್ಟು ಸಂದರ್ಭಗಳಲ್ಲಿ ಸಂಗ್ರಹ ಖಾಲಿಯಾಗಿರುವುದಿಲ್ಲ, ಅಲ್ಲಿಗೆ ಹೋಗುವ ಮಾರ್ಗ ಮಾತ್ರ ಮುಚ್ಚಿರುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಇನ್ನೂ ಬಲವಾದ ಸಾಕ್ಷಿ ಎಬಿಂಗ್‌ಹೌಸ್ ಅವರ ಹಳೆಯ ವಿಧಾನದಿಂದಲೇ ದೊರೆತಿದೆ. ಬಾಲ್ಯದಲ್ಲಿ ನೆದರ್‌ಲೆಂಡ್ಸ್‌ನಲ್ಲಿದ್ದು ಡಚ್ ಕಲಿತು, ಆಮೇಲೆ ಸುಮಾರು ಮೂವತ್ತು ವರ್ಷ ಅದನ್ನು ಬಳಸದ ಇಬ್ಬರು ಜರ್ಮನ್ನರನ್ನು ಕೀಸ್ ಡೆ ಬೋಟ್ ಮತ್ತು ಸಾಸ್ಕಿಯಾ ಸ್ಟೋಸೆಲ್ 2000ದಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಪರೀಕ್ಷಿಸಿದಾಗ, ಅವರಿಗೆ ಪೂರ್ತಿ ಮರೆತುಹೋದಂತೆ ತೋರುತ್ತಿದ್ದ ಪದಗಳೂ ಮರುಕಲಿಕೆಯಲ್ಲಿ ಬೇಗ ಕೈವಶವಾದವು. ಮರುಕಲಿಕೆಯಲ್ಲಿ ಹೀಗೆ ಮಿಗುವ ಶ್ರಮವನ್ನೇ ಉಳಿತಾಯ ಎನ್ನುತ್ತಾರೆ. ಇದನ್ನು ಯಾರು ಬೇಕಾದರೂ ಮನೆಯಲ್ಲಿ ಅಳೆಯಬಹುದು. ಹಳೆಯ ಪಠ್ಯಪುಸ್ತಕದಲ್ಲಿ ಖಂಡಿತವಾಗಿ ಕಲಿತಿದ್ದ, ಈಗ ಕಂಡರೂ ಅರ್ಥ ಹೊಳೆಯದ 20 ಪದಗಳನ್ನು ಆರಿಸಿ, ಎಂದೂ ಕಲಿಯದ, ಅಷ್ಟೇ ಕಷ್ಟದ ಇನ್ನೂ 20 ಪದಗಳನ್ನು ನಿಘಂಟಿನಿಂದ ತೆಗೆದು, ನಲವತ್ತನ್ನೂ ಬೆರೆಸಿ, ಪ್ರತಿಯೊಂದನ್ನೂ ಅರ್ಥದೊಂದಿಗೆ ಒಂದೇ ಬಾರಿ ಓದಿ, ಅರ್ಧ ಗಂಟೆ ಬೇರೆ ಕೆಲಸ ಮಾಡಿ ಬಂದು ಎಷ್ಟು ನೆನಪಿವೆ ಎಂದು ನೋಡಬೇಕು. ಹಳೆಯವುಗಳಲ್ಲಿ ಹನ್ನೆರಡೂ ಹೊಸದರಲ್ಲಿ ಐದೂ ನೆನಪಿದ್ದರೆ ಆ ಏಳರ ಅಂತರವೇ ಉಳಿತಾಯ. ಎರಡೂ ಸಮವಾಗಿದ್ದರೆ ಆ ಪದಗಳನ್ನು ಹೊಸದಾಗಿಯೇ ಕಲಿಯಬೇಕು.

ಸಣ್ಣ ಮಕ್ಕಳ ವಿಷಯದಲ್ಲಿ ಮಾತ್ರ ಈ ಭರವಸೆಗೆ ಗಡಿ ಹಾಕಬೇಕಾಗುತ್ತದೆ. ಮೂರರಿಂದ ಎಂಟು ವರ್ಷದೊಳಗೆ ಕೊರಿಯಾದಿಂದ ಫ್ರೆಂಚ್ ಕುಟುಂಬಗಳಿಗೆ ದತ್ತು ಹೋಗಿ ಬೆಳೆದ ಎಂಟು ವಯಸ್ಕರನ್ನು ಕ್ರಿಸ್ಟೋಫ್ ಪಾಲಿಯೆ ಮತ್ತು ಸಂಗಡಿಗರು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರು ಬೇರೆ ಭಾಷೆಗಳ ನಡುವೆ ಕೊರಿಯನ್ ವಾಕ್ಯಗಳನ್ನು ಗುರುತಿಸುವುದರಲ್ಲಿ ಆ ಭಾಷೆಯನ್ನು ಎಂದೂ ಕೇಳದ ಫ್ರೆಂಚರಿಗಿಂತ ಮೇಲಾಗಿರಲಿಲ್ಲ, ಮಿದುಳಿನ ಚಿತ್ರಣದಲ್ಲೂ ಹಳೆಯ ಭಾಷೆಯ ಗುರುತು ಕಾಣಲಿಲ್ಲ. ಎಂಟು ವರ್ಷದ ಮಗು ಸಲೀಸಾಗಿ ಮಾತನಾಡುತ್ತಿದ್ದ ಮಾತೃಭಾಷೆಯೂ ಹೀಗೆ ಅಳಿಸಿಹೋಗಬಲ್ಲದು. ಆದರೆ ನೆದರ್‌ಲೆಂಡ್ಸ್‌ಗೆ ದತ್ತು ಹೋದ ಕೊರಿಯನ್ನರಿಗೆ ಆ ಭಾಷೆಯಲ್ಲಿ ಒಂದೇ ಸ್ಥಾನದಲ್ಲಿ ಉಚ್ಚರಿಸುವ ಮೂರು ಬಗೆಯ ವ್ಯಂಜನಗಳ ಭೇದವನ್ನು ತರಬೇತಿಯಿಂದ ಕಲಿಸಿದಾಗ ಅವರು ಡಚ್ಚರಿಗಿಂತ ಬೇಗ ಕಲಿತರೆಂದು ಜಿಯೌನ್ ಚೋಯ್ ಮತ್ತು ಸಂಗಡಿಗರು 2017ರಲ್ಲಿ ವರದಿ ಮಾಡಿದರು. ಪದಗಳು ಹೋದರೂ ಧ್ವನಿಗಳ ಅಚ್ಚು ಎಲ್ಲೋ ಉಳಿದಿತ್ತು, ಮತ್ತು ಅದು ಕಂಡದ್ದು ಮರಳಿ ಕಲಿಸಿದಾಗ ಮಾತ್ರ. ಹನ್ನೆರಡರ ಆಸುಪಾಸಿನ ವಯಸ್ಸು ದಾಟಿದವರಲ್ಲಿ ಮಾತೃಭಾಷೆ ಇಷ್ಟು ಪೂರ್ತಿಯಾಗಿ ಅಳಿದ ಉದಾಹರಣೆಗಳು ಕಾಣುವುದಿಲ್ಲ. ವಿದೇಶಕ್ಕೆ ತೆರಳುವ ಕನ್ನಡ ಕುಟುಂಬಗಳಿಗೆ ಇದರಿಂದ ತಿಳಿಯುವುದೇನೆಂದರೆ, ಹದಿನಾಲ್ಕರ ಅಕ್ಕನ ಕನ್ನಡದ ಬಗ್ಗೆ ಚಿಂತಿಸುವುದಕ್ಕಿಂತ ಐದು ವರ್ಷದ ತಮ್ಮನ ಕನ್ನಡದ ಬಗ್ಗೆ ಹೆಚ್ಚು ಚಿಂತಿಸಬೇಕು; ದತ್ತು ಮಕ್ಕಳಿಗೆ ಹಳೆಯ ಭಾಷೆಯ ಸಂಪರ್ಕ ಒಮ್ಮೆಗೇ ಕಡಿದುಹೋಗಿತ್ತಾದರೂ ಮನೆಯಲ್ಲಿ ಕನ್ನಡ ಕೇಳುವ ಮಗುವಿನ ಸ್ಥಿತಿ ಅದಲ್ಲ ಎಂಬುದು ಸಮಾಧಾನದ ಸಂಗತಿ. ಕೇಳಿಸಿಕೊಳ್ಳುತ್ತ ಇಂಗ್ಲಿಷಿನಲ್ಲೇ ಉತ್ತರಿಸುವ ಮಗುವಿನಲ್ಲಿ ಗ್ರಹಿಕೆ ಉಳಿದು ನುಡಿಯುವ ಶಕ್ತಿ ಸವೆಯುತ್ತದೆ ಎಂಬುದೂ ಮೇಲಿನ ವಿವರಣೆಯಿಂದಲೇ ಸ್ಪಷ್ಟ.

ಇನ್ನು ಉಳಿಸಿಕೊಳ್ಳುವ ಬಗೆ. ಇದರಲ್ಲಿ ಅತ್ಯಂತ ಉಪಯುಕ್ತವಾದ ಪ್ರಯೋಗವನ್ನು ನಡೆಸಿದ್ದೂ ಬಾರಿಕ್ ಅವರೇ, ಅದೂ ತಮ್ಮ ಮನೆಮಂದಿಯ ಮೇಲೆ. ಅವರು, ಅವರ ಪತ್ನಿ ಮತ್ತು ಇಬ್ಬರು ಹೆಣ್ಣುಮಕ್ಕಳು ವಿದೇಶಿ ಭಾಷೆಯ ತಲಾ 300 ಪದಗಳನ್ನು ಕಲಿತು, ಅವನ್ನು 14, 28 ಅಥವಾ 56 ದಿನಗಳ ಅಂತರದಲ್ಲಿ 13 ಅಥವಾ 26 ಬಾರಿ ಪುನರಾವರ್ತಿಸಿ, ಅಭ್ಯಾಸ ನಿಲ್ಲಿಸಿದ ಮೇಲೆ ಐದು ವರ್ಷದವರೆಗೂ ತಮ್ಮ ನೆನಪನ್ನು ಪರೀಕ್ಷಿಸಿಕೊಂಡರು. 1993ರಲ್ಲಿ ಪ್ರಕಟವಾದ ಫಲಿತಾಂಶದಂತೆ, 56 ದಿನಗಳಿಗೊಮ್ಮೆ 13 ಬಾರಿ ಮಾಡಿದ ಪುನರಾವರ್ತನೆಯಿಂದ ಉಳಿದ ನೆನಪು, 14 ದಿನಗಳಿಗೊಮ್ಮೆ 26 ಬಾರಿ ಮಾಡಿದ್ದರಿಂದ ಉಳಿದ ನೆನಪಿಗೆ ಸಮನಾಗಿತ್ತು. ಅಂತರ ಹೆಚ್ಚಿದಾಗ ಪ್ರತಿ ಬಾರಿಯೂ ಹೆಚ್ಚು ಪದಗಳು ಮರೆತಿರುತ್ತಿದ್ದು ಕಲಿಕೆ ತುಸು ನಿಧಾನವಾಗುತ್ತಿತ್ತು, ಆದರೆ ಆ ಕಷ್ಟವೇ ನೆನಪನ್ನು ಗಟ್ಟಿ ಮಾಡುತ್ತಿತ್ತು. ಕಾರ್ಪಿಕ್ ಮತ್ತು ರೋಡಿಗರ್ 2008ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ಇದಕ್ಕೆ ಪೂರಕ: ವಿದ್ಯಾರ್ಥಿಗಳು 40 ಸ್ವಾಹಿಲಿ ಪದಗಳನ್ನು ಕಲಿತ ಮೇಲೆ, ಅವನ್ನು ನೆನಪಿನಿಂದ ಹೇಳುವ ಪರೀಕ್ಷೆಗೆ ಮತ್ತೆಮತ್ತೆ ಒಳಗಾದವರಿಗೆ ವಾರದ ಬಳಿಕ ಸುಮಾರು 80 ಪ್ರತಿಶತ ನೆನಪಿದ್ದರೆ, ಒಮ್ಮೆ ಸರಿಯಾಗಿ ಹೇಳಿದ ಪದವನ್ನು ಪರೀಕ್ಷೆಯಿಂದ ಕೈಬಿಟ್ಟು ಓದನ್ನಷ್ಟೇ ಮುಂದುವರಿಸಿದವರಿಗೆ ಅದರ ಅರ್ಧವೂ ಇರಲಿಲ್ಲ.

ಈ ಎರಡನ್ನೂ ಒಂದು ಕಲ್ಪಿತ ಉದಾಹರಣೆಗೆ ಅನ್ವಯಿಸಿ ನೋಡಬಹುದು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತು, ಯುರೋಪಿನ ಭಾಷಾಮಟ್ಟಗಳ ಲೆಕ್ಕದಲ್ಲಿ ಬಿ1 ಮುಗಿಸಿ, ಮೂರು ವರ್ಷ ಜರ್ಮನಿಯಲ್ಲಿ ಕೆಲಸ ಮಾಡಿ, ಊರಿಗೆ ಮರಳಿದ ಎಂಜಿನಿಯರ್ ಒಬ್ಬರಿದ್ದಾರೆ ಎಂದುಕೊಳ್ಳೋಣ. ಅವರ ಜರ್ಮನ್‌ನಲ್ಲಿ ಮೊದಲು ಅಲುಗಾಡುವ ಭಾಗಗಳಲ್ಲಿ ಒಂದು ನಾಮಪದಗಳ ಲಿಂಗ ಎಂದು ಎಣಿಸುವುದಕ್ಕೆ ಕಾರಣವಿದೆ: ಕನ್ನಡದಲ್ಲಿ ಚಮಚ, ಮುಳ್ಳುಚಮಚ, ಚಾಕು ಮೂರೂ ಅರ್ಥಕ್ಕೆ ತಕ್ಕಂತೆ ನಪುಂಸಕವಾದರೆ, ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಮುಳ್ಳುಚಮಚ ಸ್ತ್ರೀಲಿಂಗ, ಚಾಕು ನಪುಂಸಕ. ಅರ್ಥದಿಂದ ಊಹಿಸಲಾಗದ ಇಂಥ ವಿವರವನ್ನು ಪದಪದಕ್ಕೂ ನೆನಪಿಡಬೇಕಾದ್ದರಿಂದ, ಪದ ಉಳಿದರೂ ಅದರ ಲಿಂಗ ತಪ್ಪತೊಡಗುತ್ತದೆ. ಇದರ ಜೊತೆಗೆ ಅಪರೂಪದ ಪದಗಳು ತಡವಾಗಿ ಬರುತ್ತವೆ, ವಾಕ್ಯದ ನಡುವೆ ತಡವರಿಕೆ ಹೆಚ್ಚುತ್ತದೆ.

ಅವರು ಮಾಡಬೇಕಾದ ಮೊದಲ ಕೆಲಸ ಮರಳಿದ ಕೂಡಲೇ, ಭಾಷೆ ಇನ್ನೂ ಬಿಸಿಯಾಗಿರುವಾಗ, ತಮ್ಮ ಕೆಲಸದ ಬಗ್ಗೆ ನಾಲ್ಕು ನಿಮಿಷ ಜರ್ಮನ್‌ನಲ್ಲಿ ಮಾತನಾಡಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದು; ಮುಂದೆ ಸವಕಳಿ ಆಗಿದೆಯೇ ಎಂದು ತಿಳಿಯಲು ಇದಕ್ಕಿಂತ ನಂಬಿಕೆಯ ಅಳತೆಗೋಲಿಲ್ಲ, ಏಕೆಂದರೆ ತನಗೆಷ್ಟು ಮರೆತಿದೆ ಎಂಬ ಬಗ್ಗೆ ವ್ಯಕ್ತಿಯ ಸ್ವಂತ ಅಂದಾಜು ಸಾಮಾನ್ಯವಾಗಿ ತಪ್ಪುತ್ತದೆ. ಎರಡನೆಯದು, ತಾವು ನಿಜಕ್ಕೂ ಬಳಸಿದ 300 ಪದಗಳನ್ನು ಮತ್ತು ನುಡಿಗಟ್ಟುಗಳನ್ನು ಚೀಟಿಗಳಲ್ಲಿ ಬರೆದುಕೊಳ್ಳುವುದು: ಒಂದು ಬದಿಯಲ್ಲಿ ಕನ್ನಡ, ಇನ್ನೊಂದು ಬದಿಯಲ್ಲಿ ಲಿಂಗಸೂಚಕದೊಂದಿಗೆ ಜರ್ಮನ್, ಸಾಧ್ಯವಾದರೆ ಒಂದು ಪುಟ್ಟ ವಾಕ್ಯ. ಇವನ್ನು 75ರ ನಾಲ್ಕು ಕಟ್ಟುಗಳನ್ನಾಗಿ ಮಾಡಿ ಹದಿನಾಲ್ಕು ದಿನಕ್ಕೊಂದು ಕಟ್ಟನ್ನು ತೆಗೆದರೆ ಪ್ರತಿ ಕಟ್ಟಿನ ಸರದಿ ಸರಿಯಾಗಿ 56 ದಿನಕ್ಕೊಮ್ಮೆ ಬರುತ್ತದೆ, ಚೀಟಿಗೆ ಎಂಟು ಸೆಕೆಂಡಿನಂತೆ ಒಂದು ಸುತ್ತಿಗೆ ಹತ್ತೇ ನಿಮಿಷ ಸಾಕು. ಕನ್ನಡದ ಬದಿಯನ್ನು ನೋಡಿ ಜರ್ಮನ್ ಪದವನ್ನು ಗಟ್ಟಿಯಾಗಿ ಹೇಳಿ, ಆಮೇಲಷ್ಟೇ ಚೀಟಿ ತಿರುಗಿಸಬೇಕು. ತಪ್ಪಿದವನ್ನು ಬದಿಗಿಟ್ಟು ಎಲ್ಲವೂ ಸರಿಯಾಗುವವರೆಗೆ ಮತ್ತೆ ಸುತ್ತಬೇಕು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಚೀಟಿಗಳು ತಪ್ಪುತ್ತಿದ್ದರೆ ಅಂತರವನ್ನು 28 ದಿನಕ್ಕಿಳಿಸುವುದು ವಿವೇಕ, ಎಲ್ಲವೂ ಸಲೀಸಾಗಿ ಬರುತ್ತಿದ್ದರೆ ಅಂತರ ಸಾಲದೆಂದು ತಿಳಿಯಬೇಕು.

ಇಲ್ಲಿ ಹೆಚ್ಚಾಗಿ ಆಗುವ ತಪ್ಪೆಂದರೆ ಚೀಟಿಯ ಎರಡೂ ಬದಿಗಳನ್ನು ಓದಿಕೊಂಡು ಹೋಗುವುದು ಅಥವಾ ಜರ್ಮನ್ ಬದಿಯಿಂದಲೇ ಆರಂಭಿಸುವುದು. ಆಗ ನಡೆಯುವುದು ಗುರುತಿಸುವಿಕೆ. ಎಲ್ಲವೂ ಪರಿಚಿತವೆನಿಸಿ ತೃಪ್ತಿಯಾಗುತ್ತದೆ, ನುಡಿಯುವ ಶಕ್ತಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ. ಉಪಶೀರ್ಷಿಕೆಗಳೊಂದಿಗೆ ಜರ್ಮನ್ ಧಾರಾವಾಹಿ ನೋಡುವುದರ ಮಿತಿಯೂ ಇದೇ. ಇನ್ನೊಂದು ಕೊರತೆ ಪದಗಳಷ್ಟರಿಂದಲೇ ಮಾತು ಉಳಿಯದಿರುವುದು. ಅದಕ್ಕಾಗಿ ತಿಂಗಳಿಗೆರಡು ಬಾರಿ ಒಂದು ವಿಷಯವನ್ನು ಆಯ್ದು ಮೊದಲು ನಾಲ್ಕು ನಿಮಿಷ, ಆಮೇಲೆ ಅದನ್ನೇ ಮೂರು ನಿಮಿಷ, ಕೊನೆಗೆ ಎರಡು ನಿಮಿಷದಲ್ಲಿ ಹೇಳುವ, ಭಾಷಾ ಬೋಧಕರಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಅಭ್ಯಾಸ ಸಾಕಾಗುತ್ತದೆ. ಸಮಯ ಕುಗ್ಗಿದಂತೆ ಪದಗಳನ್ನು ಹುಡುಕುವುದಕ್ಕೆ ಬಿಡುವಿಲ್ಲದೆ ವಾಕ್ಯಗಳು ತಾವೇ ಬಿಗಿಯಾಗುತ್ತವೆ. ಆದರೆ ಯಾವಾಗಲೂ ಒಂದೇ ವಿಷಯವನ್ನು ಆಯ್ದರೆ ಆ ವಿಷಯದ ಪದಗಳಷ್ಟೇ ಉಳಿದು ಬೇರೆಲ್ಲವೂ ಸವೆಯುತ್ತಿರುವುದು ಗಮನಕ್ಕೇ ಬರುವುದಿಲ್ಲ.

ಇಷ್ಟನ್ನು ಎಷ್ಟು ಕಾಲ ಮಾಡಬೇಕು ಎಂಬ ಪ್ರಶ್ನೆಗೆ ಬಾರಿಕ್ ಅವರ ಎರಡು ಅಧ್ಯಯನಗಳನ್ನು ಸೇರಿಸಿ ಓದಿದರೆ ಒಂದು ಅಂದಾಜು ಸಿಗುತ್ತದೆ. 56 ದಿನಗಳ ಅಂತರದ 13 ಸುತ್ತುಗಳಿಗೆ ಸುಮಾರು ಎರಡು ವರ್ಷ ಹಿಡಿಯುತ್ತದೆ, ಕಡಿದಾದ ಇಳಿತದ ಅವಧಿ ಮೂರರಿಂದ ಆರು ವರ್ಷ. ಹಾಗಾಗಿ ಮರಳಿದ ಮೊದಲ ಐದಾರು ವರ್ಷ ಈ ಅಲ್ಪ ಅಭ್ಯಾಸವನ್ನು ತಪ್ಪಿಸದೆ ನಡೆಸುವುದು ಆಮೇಲೆ ಹತ್ತು ವರ್ಷ ಆಗೊಮ್ಮೆ ಈಗೊಮ್ಮೆ ಒದ್ದಾಡುವುದಕ್ಕಿಂತ ಫಲಕಾರಿ. ಬಿ1 ಮಟ್ಟವನ್ನೂ ಮುಟ್ಟದೆ ಬಿಟ್ಟವರು ಉಳಿಸಿಕೊಳ್ಳುವ ಯೋಜನೆ ಹಾಕುವುದಕ್ಕಿಂತ ಮೊದಲು ಇನ್ನೊಂದಿಷ್ಟು ಕಲಿಯುವುದು ಮೇಲು. ಆ ಐದಾರು ವರ್ಷಗಳನ್ನು ಈಗಾಗಲೇ ಕಳೆದುಕೊಂಡವರು, ಎಲ್ಲ ಮರೆತಿದೆ ಎಂಬ ಭಾವನೆಯಿಂದ ಮತ್ತೆ ಆರಂಭಿಕ ತರಗತಿಗೆ ಶುಲ್ಕ ಕಟ್ಟುವ ಮುನ್ನ, ಮೇಲೆ ಹೇಳಿದ ನಲವತ್ತು ಪದಗಳ ಪರೀಕ್ಷೆಯನ್ನು ಒಮ್ಮೆ ಮಾಡಿಕೊಳ್ಳಬೇಕು; ಉಳಿತಾಯ ಕಂಡುಬಂದರೆ ಅವರು ಸೇರಬೇಕಾದದ್ದು ಆರಂಭಿಕ ತರಗತಿಗಲ್ಲ, ಅದರ ಮೇಲಿನದಕ್ಕೆ.